ಶಂಭುಲಿಂಗಯ್ಯನ ಬೀರುವಿನ ಬೀಗ

ಸಿದ್ಧ ಅಲೆ ಕೊಡುವ ಪೆಟ್ಟಿಗೆ, ಅಂದರೆ ಸಿಗ್ನಲ್ ಜನರೇಟರ್, ಇರುವ ಲ್ಯಾಬಿನಲ್ಲಿ ಕೆಟ್ಟ ಸರ್ಕ್ಯೂಟೂ ಪಾಸಾಗುತ್ತದೆ. ಡಿಪ್ಲೊಮಾ ಓದಿದವರಿಗೆಲ್ಲ ಇದು ಗೊತ್ತು. ಹುಡುಗ ಕಟ್ಟಿದ್ದು ಕೆಲಸ ಮಾಡದಿದ್ದರೆ ಅಲೆ ತೋರಿಸುವ ಪರದೆಯ ವೈರನ್ನು ಅದರಿಂದ ಕಿತ್ತು ಜನರೇಟರಿಗೆ ಚುಚ್ಚುತ್ತಾರೆ. ಅಂದದ ಅಲೆ ಬರುತ್ತದೆ, ಅಂಕ ಬೀಳುತ್ತದೆ, ಎಲ್ಲರೂ ಊಟಕ್ಕೆ ಹೋಗುತ್ತಾರೆ.

ತಿಪಟೂರಿನ ಹೊರಗಿನ ಒಂದು ಖಾಸಗಿ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುವ ಶಂಭುಲಿಂಗಯ್ಯ ಮಾತ್ರ ಪರೀಕ್ಷೆಯ ಬೆಳಿಗ್ಗೆ ತಮ್ಮ ಲ್ಯಾಬಿನ ಜನರೇಟರುಗಳನ್ನೆಲ್ಲ ಬೀರುವಿಗೆ ಸೇರಿಸಿ ಬೀಗ ಹಾಕುತ್ತಾರೆ. ಈ ಬೀಗದಿಂದಾಗಿ ಸ್ಟಾಫ್ ರೂಮಿನಲ್ಲಿ ಯಾರೂ ಅವರನ್ನು ಮಾತಾಡಿಸುವುದಿಲ್ಲ. ಲ್ಯಾಬಿನ ಹಿಂದಿನ ತೆಂಗಿನ ಮರದ ಬುಡದಲ್ಲಿ ಒಬ್ಬರೇ ಡಬ್ಬಿ ಬಿಚ್ಚುತ್ತಾರೆ. ಸಂಜೆ ಕೊಬ್ಬರಿ ಗೋದಾಮಿನ ಮೇಲಿನ ಬಾಡಿಗೆ ಕೋಣೆಗೆ ಹೋಗುತ್ತಾರೆ. ಅಲ್ಲೂ ಒಬ್ಬರೇ. ಮದುವೆಯಾಗಲಿಲ್ಲ ಯಾಕೆ ಎಂದು ಕೇಳುವವರೂ ಈಗ ಕೇಳುವುದನ್ನು ಬಿಟ್ಟಿದ್ದಾರೆ.

ಈ ಸಲದ ಪರೀಕ್ಷೆಗೆ ಅವರ ಲ್ಯಾಬಿಗೆ ಬಂದವಳು ದಂಡಿನಶಿವರದ ಅನಿತಾ ಒಬ್ಬಳೇ, ಉಳಿದವರೆಲ್ಲ ಪಕ್ಕದ ಲ್ಯಾಬಿನಲ್ಲಿ. ಅವಳ ಪಾಲಿಗೆ ಚೌಕ ಅಲೆ, ತ್ರಿಕೋನ ಅಲೆ ಹುಟ್ಟಿಸುವ ಸರ್ಕ್ಯೂಟು ಬಂತು. ಅವಳಿಗೆ ಉಳಿದಿದ್ದು ಇದೊಂದೇ ವಿಷಯ. ಪಾಸಾದರೆ ಡಿಪ್ಲೊಮಾ, ಇಲ್ಲದಿದ್ದರೆ ಮತ್ತೆ ಅರ್ಧ ವರ್ಷ ಮನೆಯಲ್ಲಿ.

ಸರ್ಕ್ಯೂಟು ದೊಡ್ಡದೇನಲ್ಲ. ಎರಡು ಐಸಿ ಚಿಪ್ಪು. ಮೊದಲನೆಯದು ಬಂದ ವೋಲ್ಟೇಜನ್ನು ಒಂದು ಗಡಿಯೊಂದಿಗೆ ಹೋಲಿಸುವುದು, ಅದರ ಔಟ್‌ಪುಟ್ ಒಂದೋ ಪೂರ್ತಿ ಮೇಲೆ, ಇಲ್ಲವೇ ಪೂರ್ತಿ ಕೆಳಗೆ. ಎರಡನೆಯದು ಬಂದದ್ದನ್ನು ಕೂಡಿಸುತ್ತಾ ಹೋಗುವುದು. ಮೊದಲನೆಯದು ಮೇಲಿದ್ದರೆ ಇದು ಒಂದೇ ಸಮನೆ ಕೆಳಗಿಳಿಯುತ್ತದೆ, ಅದು ಕೆಳಗಿದ್ದರೆ ಇದು ಹತ್ತುತ್ತದೆ. ಇಳಿದು ಆ ಗಡಿ ಮುಟ್ಟಿದಾಗ ಮೊದಲನೆಯದು ಮಗುಚುತ್ತದೆ, ಇದು ಮತ್ತೆ ಹತ್ತತೊಡಗುತ್ತದೆ. ಒಂದರಿಂದ ಚೌಕ, ಇನ್ನೊಂದರಿಂದ ತ್ರಿಕೋನ. ಗಡಿ ಎಲ್ಲಿ ಎಂದು ಹೇಳುವುದು ಎರಡು ರೆಸಿಸ್ಟರುಗಳು.

ಅನಿತಾಳ ಪರದೆಯಲ್ಲಿ ಬಂದದ್ದು ಎರಡು ನೇರ ಗೆರೆ. ಒಂದು ಮೇಲೆ, ಒಂದು ಕೆಳಗೆ. ಎರಡೂ ಸತ್ತಂತೆ ಮಲಗಿದ್ದವು.

ಹೊರಗಿನಿಂದ ಬಂದ ಪರೀಕ್ಷಕರು ಬಸವರಾಜಪ್ಪ. ಗಡಿಯಾರ ನೋಡಿದರು.

"ಏನ್ರೀ ಶಂಭುಲಿಂಗಯ್ಯ, ಒಂದ್ ಜನರೇಟರ್ ತೆಗೀರಿ. ಹುಡ್ಗಿ ಮನೆಗ್ ಹೋಗ್ಲಿ, ನಾನೂ ಬಸ್ ಹಿಡೀತೀನಿ."

"ಬೀರು ಒಳಗವೆ ಸಾರ್."

"ಬೀರುಗೆ ಬಾಗ್ಲಿಲ್ವಾ?"

"ಐತೆ. ಬೀಗಾನೂ ಐತೆ."

"ಅದಕ್ಕೇ ಕಣ್ರೀ ನಿಮ್ ಜೊತೆ ಯಾರೂ ಕಾಫಿ ಕುಡಿಯಲ್ಲ."

ಶಂಭುಲಿಂಗಯ್ಯ ಕೈ ಹಿಂದೆ ಕಟ್ಟಿಕೊಂಡು ನಿಂತರು. ತಪ್ಪು ಅವರಿಗೆ ಕಂಡಿತ್ತು. ಬೆರಳು ತೋರಿಸಿದರೆ ಅದೂ ಜನರೇಟರ್ ಚುಚ್ಚಿದ ಹಾಗೆಯೇ. ಅನಿತಾ ಚಿಪ್ಪು ಬದಲಿಸಿದಳು, ವೈರು ಬದಲಿಸಿದಳು. ಗೆರೆಗಳು ಅಲುಗಲಿಲ್ಲ. ಬೆಲ್ ಹೊಡೆಯಿತು. ಬಸವರಾಜಪ್ಪ 'ಔಟ್‌ಪುಟ್ ಇಲ್ಲ' ಎಂದು ಬರೆದು, ಅಂಕವನ್ನು ಕಂಪ್ಯೂಟರಿಗೆ ಏರಿಸಿ, ಬಸ್‌ಸ್ಟ್ಯಾಂಡಿಗೆ ಹೊರಟುಹೋದರು.

ಅನಿತಾ ವೈರು ಕೀಳಲು ಕೈ ಹಾಕಿದಳು.

"ಕೀಳ್ಬೇಡ ಕಣಮ್ಮ, ಕೂತ್ಕೋ. ಪರೀಕ್ಷೆ ಮುಗೀತು, ಈಗ ಕೇಳ್ಬೋದು. ಎರಡ್ನೇ ಚಿಪ್ಪು ಎಲ್ಲೈತೆ?"

"ತಳದಾಗ್ ಬಿದ್ದೈತೆ ಸಾರ್."

"ಅಂದ್ರೆ ಇಳಿಯೋ ಕೆಲಸ ಮಾಡೈತೆ. ಮತ್ತೆ ಮೊದಲ್ನೇದು ಯಾಕ್ ಮಗುಚ್ಲಿಲ್ಲ?"

ಅವಳು ಪರದೆಯ ಕೆಳಗಿನ ಗೆರೆಗೆ ಬೆರಳಿಟ್ಟಳು. "ಗಡಿ ಮುಟ್ಲಿಲ್ಲ. ಗಡಿ... ತಳಕ್ಕಿಂತ ಕೆಳಗೈತೆ."

ಬಗ್ಗಿ ರೆಸಿಸ್ಟರಿನ ಬಣ್ಣ ಓದಿದಳು. ತ್ರಿಕೋನದ ಕಡೆಯಿಂದ ಬರುವಲ್ಲಿ ಕಂದು-ಕಪ್ಪು-ಕಿತ್ತಳೆಯ ಹತ್ತು ಸಾವಿರದ್ದು ಇರಬೇಕಿತ್ತು, ಚೌಕದ ಕಡೆಯಿಂದ ಬರುವಲ್ಲಿ ಕೆಂಪು-ಕೆಂಪು-ಕಿತ್ತಳೆಯ ಇಪ್ಪತ್ತೆರಡು ಸಾವಿರದ್ದು. ಅವಳು ಅದಲು ಬದಲು ಹಾಕಿದ್ದಳು. ಚಿಪ್ಪಿಗೆ ಎಂದೂ ಎಟುಕದ ಜಾಗದಲ್ಲಿ ಗಡಿ ಇಟ್ಟು, ತಲುಪು ಎಂದು ಕಾದಿದ್ದಳು.

ಎರಡನ್ನೂ ಕಿತ್ತು ಸರಿಯಾಗಿ ಚುಚ್ಚಿದಳು. ಪರದೆಯ ಮೇಲೆ ಚೌಕಗಳು ನಿಂತವು. ಅವುಗಳ ಜೊತೆಯಲ್ಲೇ ತ್ರಿಕೋನಗಳು, ಒಂದೊಂದು ಚೌಕ ಮಗುಚಿದಲ್ಲಿ ಒಂದೊಂದು ಮೊನೆ.

"ಬಂತು ಸಾರ್."

"ಬಂತು ಕಣಮ್ಮ."

"ಯಾರಿಗ್ ತೋರ್ಸಣ ಸಾರ್?"

ಲ್ಯಾಬಿನಲ್ಲಿ ಮತ್ತಾರೂ ಇರಲಿಲ್ಲ. ಶಂಭುಲಿಂಗಯ್ಯ ಬಸವರಾಜಪ್ಪನವರಿಗೆ ಫೋನ್ ಮಾಡಿದರು. ಬಸ್ಸಿನ ಗದ್ದಲದ ನಡುವೆ ಉತ್ತರ ಬಂತು: "ಅಪ್‌ಲೋಡ್ ಆಗೋಯ್ತು ಬುಡಿ. ಮುಂದಿನ್ ಸಲ ನೋಡಣ."

ಅನಿತಾ ಬ್ಯಾಗು ಹೆಗಲಿಗೆ ಹಾಕಿಕೊಂಡಳು. "ಪಕ್ಕದ್ ಲ್ಯಾಬಲ್ಲಿ ಜನರೇಟರ್ ಇಟ್ಟಿದ್ರಂತೆ. ಅಲ್ಲಿ ಎಲ್ರೂ ಪಾಸಂತೆ. ನೀವ್ ಬೀಗ ಹಾಕ್ದೆ ಇದ್ದಿದ್ರೆ ನಾನೂ ಪಾಸು."

"ಹೌದು."

ಅವಳು ತುರುವೇಕೆರೆ ಬಸ್ಸಿಗೆ ಹೋದಳು. ಅವಳು ಕಟ್ಟಿದ್ದನ್ನು ಆರಿಸಲು ಮನಸ್ಸು ಬಾರದೆ ಶಂಭುಲಿಂಗಯ್ಯ ಸ್ಟೂಲಿನ ಮೇಲೆ ಕೂತು, ಹತ್ತಿ ಇಳಿಯುವ ಆ ಗೆರೆಯನ್ನು ಒಬ್ಬರೇ ನೋಡುತ್ತಿದ್ದರು.

ಆ ದಿನ ಆ ಕಾಲೇಜಿನಲ್ಲಿ ಆ ಸರ್ಕ್ಯೂಟನ್ನು ತನ್ನ ಕೈಯಾರೆ ನಡೆಸಿದವಳು ಅವಳೊಬ್ಬಳು. ಫೇಲಾದವಳೂ ಅವಳೊಬ್ಬಳು. ಬೀಗ ಹಾಕಿದವನನ್ನು ಹುಚ್ಚ ಎಂದು ಬಯ್ಯುವುದು ಸುಲಭ. ಪಕ್ಕದ ಲ್ಯಾಬಿನಲ್ಲಿ ಬೀರು ತೆರೆದಿಟ್ಟವರನ್ನು ಯಾರೂ ಬಯ್ಯಲಿಲ್ಲ. ಅವರ ಫಲಿತಾಂಶಕ್ಕೆ ನಾವೇ ಬ್ಯಾನರ್ ಕಟ್ಟುತ್ತೇವೆ. ನಿಮ್ಮ ಮನೆಗೂ ನಾಳೆ ಒಬ್ಬ ಮಗ, ಒಬ್ಬಳು ಮಗಳು ಪಾಸಾಗಿ ಬರುತ್ತಾರೆ. ಅಂಕ ಎಷ್ಟು ಎಂದು ಕೇಳಬೇಡಿ. ಕೂರಿಸಿಕೊಂಡು, ಕಣ್ಣಲ್ಲಿ ಕಣ್ಣಿಟ್ಟು, ಆ ಅಲೆ ಎಲ್ಲಿಂದ ಬಂತು ಎಂದು ಕೇಳಿ.