ಸ್ಕೂಟರಿಗೆ ಹೊಸ ತಂತಿ, ನನಗೆ ‘ರಿ’

...ಅಥವಾ ಕಾರ್ಬೋರೇಟರ್ ಬಿಚ್ಚಿದ್ದು ಆಮೇಲೆಯೇ ಇರಬೇಕು. ಮೊದಲು ಗೇರಿನ ತಂತಿ ಹಾಕಿದೆವು ಎಂದು ಒಮ್ಮೆ ಅನಿಸುತ್ತದೆ, ಬರೆಯಲು ಕೂತರೆ ತಿರುಗುಮುರುಗಾಗುತ್ತದೆ. ನೆನಪು ಒಳ್ಳೆಯ ಮೆಕ್ಯಾನಿಕ್ ಅಲ್ಲ. ಬಿಚ್ಚಿದ್ದನ್ನೆಲ್ಲ ಜೋಡಿಸಿದಂತೆ ಮಾಡುತ್ತದೆ, ಎರಡು ನಟ್ಟು ಉಳಿದರೆ ಜೇಬಿಗೆ ಹಾಕಿಕೊಂಡು ಸುಮ್ಮನಾಗುತ್ತದೆ.

ಇಷ್ಟರಲ್ಲಿ ಅನುಮಾನವಿಲ್ಲ: ಮೂಡಲಗಿಯ ಮನೆಯ ಮುಂದೆ ಅಪ್ಪನ ಹಳೆಯ ಸ್ಕೂಟರು ಎರಡು ವರ್ಷದಿಂದ ನಿಂತಿತ್ತು, ಮತ್ತು ಒಂಬತ್ತು ವರ್ಷದಿಂದ ಅಪ್ಪ ನನ್ನ ಜೊತೆ ‘ರಿ’ ಹಚ್ಚಿ ಮಾತಾಡುತ್ತಿದ್ದ. ಅಪ್ಪ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವನು. ಅದೇ ಸ್ಕೂಟರಿನ ಮೇಲೆ ಘೋಡಗೇರಿಯ ತನಕ ಹೋಗಿ ಕುರಿಗಳಿಗೆ ಔಷಧ ಕುಡಿಸಿ ಬರುತ್ತಿದ್ದ. ಎಮ್ಮೆಗೆ ‘ಬಾರವ್ವಾ’, ಟಗರಿಗೆ ‘ನಿಂದರೋ ದೊರೀ’. ನನಗೆ ಮಾತ್ರ ‘ಬರ್ರಿ, ಕೂಡ್ರಿ, ಊಟಾ ಮಾಡ್ರಿ’. ನಾಲ್ಕು ಕಾಲಿದ್ದಿದ್ದರೆ ನನಗೂ ಏಕವಚನದ ಪ್ರೀತಿ ಸಿಗುತ್ತಿತ್ತೇನೋ.

ನಾನಿರುವುದು ಹುಕ್ಕೇರಿಯಲ್ಲಿ. ಕಾಲೇಜೊಂದರಲ್ಲಿ ಇಂಜಿನ್ನುಗಳ ಬಗ್ಗೆ ಪಾಠ ಮಾಡುತ್ತೇನೆ. ಇಂಜಿನ್ ಮುಟ್ಟಿ ಎಷ್ಟು ಕಾಲವಾಯಿತೆಂದು ಕೇಳುವ ಕೆಟ್ಟ ಅಭ್ಯಾಸ ನನ್ನ ವಿದ್ಯಾರ್ಥಿಗಳಿಗೆ ಇಲ್ಲ. ಆ ವಾರ ಅಪ್ಪ ಫೋನ್ ಮಾಡಿ, “ಗೋಕಾಕದಾಗ ಗೇರಿನ ವಾಯರ್ ಸಿಗತಾವಂತ. ಬರೂ ಮುಂದ ತರ್ರಿ,” ಅಂದ. ವಾಯರ್ ತಂದೆ. ಜೊತೆಗೆ ಒಂದು ಪ್ರಶ್ನೆಯನ್ನೂ ತಂದೆ: ಈ ‘ರಿ’ ಯಾಕೆ? ಅದನ್ನು ಕೇಳದೆ ವಾಪಸ್ ಬಸ್ ಹತ್ತಬಾರದೆಂದು ನಿರ್ಧರಿಸಿದ್ದೆ. ಹಿಂದಿನ ಸಲಗಳಲ್ಲೂ ನಿರ್ಧರಿಸಿದ್ದೆ.

(ಇಲ್ಲಿ ‘ಅಪ್ಪ ಅಂದ’ ಎಂದು ಬರೆಯುತ್ತಿದ್ದೇನೆ. ಎದುರಿಗೆ ‘ಅಂದ್ರಿ’ ಎನ್ನುತ್ತೇನೆ. ಕಾಗದದ ಮೇಲೆ ಎಲ್ಲರೂ ಧೈರ್ಯವಂತರು.)

ಮೊದಲು ಪ್ಲಗ್ಗು ಬಿಚ್ಚಿದೆವು. ಎಣ್ಣೆಮಸಿ ಹಿಡಿದು ಕಪ್ಪಾಗಿತ್ತು. ಅಪ್ಪ ತಂತಿಯ ಬ್ರಶ್ಶಿನಿಂದ ತಿಕ್ಕಿ, ವಾಯರಿಗೆ ಸಿಕ್ಕಿಸಿ, ಇಂಜಿನ್ನಿನ ತಲೆಗೆ ತಾಗಿಸಿ ಇಟ್ಟು, “ಕಿಕ್ ಹೊಡೀರಿ,” ಅಂದ. ನೀಲಿ ಕಿಡಿ ಹಾರಿತು. ಅಂದರೆ ಬೆಂಕಿ ಇದೆ, ಪೆಟ್ರೋಲು ಬರುತ್ತಿಲ್ಲ. ಕಾರ್ಬೋರೇಟರ್ ಬಿಚ್ಚಿದರೆ ತಳದಲ್ಲಿ ಹಳೆಯ ಪೆಟ್ರೋಲು ಆರಿ ಬೆಲ್ಲದ ಅಂಟಿನಂತಾಗಿತ್ತು. ಪೆಟ್ರೋಲು ಹಾಯುವ ಜೆಟ್ಟನ್ನು ಬೆಳಕಿಗೆ ಹಿಡಿದೆ. ಸಾಸಿವೆಗಿಂತ ಸಣ್ಣ ಅದರ ತೂತು ಕಾಣಲೇ ಇಲ್ಲ. ನಾನು ಸೂಜಿ ಹುಡುಕಿದೆ.

“ಸೂಜಿ ಬ್ಯಾಡ್ರಿ, ಸರ್,” ಅಂದ ಅಪ್ಪ. ಈ ‘ಸರ್’ ಹೊಸದು. “ಅದು ಹಿತ್ತಾಳಿ. ಸೂಜಿ ಉಕ್ಕು. ತೂತು ದೊಡ್ಡದಾದ್ರ ಗಾಡಿ ಪೆಟ್ರೋಲ್ ಕುಡದ ಸಾಯ್ತೈತಿ. ನಿಮ್ಮ ಪುಸ್ತಕದಾಗ ಬರದಿಲ್ಲೇನ್ರಿ?”

ಬರೆದಿದೆ. ನಾನೇ ಪಾಠ ಮಾಡಿದ್ದೇನೆ. ಅಪ್ಪ ಜೆಟ್ಟನ್ನು ಪೆಟ್ರೋಲಿನಲ್ಲಿ ನೆನೆಹಾಕಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದ. ತೂತಿನಲ್ಲಿ ಬೆಳಕು ಕಂಡಿತು.

ಆಮೇಲೆ ಗೇರು. ಈ ಸ್ಕೂಟರಿನಲ್ಲಿ ಗೇರಿರುವುದು ಎಡಗೈಯ ಹಿಡಿಯಲ್ಲಿ. ಹಿಡಿ ತಿರುಗಿಸಿದರೆ ಎರಡು ತಂತಿಗಳಲ್ಲಿ ಒಂದು ಎಳೆಯುತ್ತದೆ, ಇನ್ನೊಂದು ಸಡಿಲ ಬಿಡುತ್ತದೆ. ಇಂಜಿನ್ನಿನ ಕೆಳಗಿರುವ ಗೇರಿನ ತೋಳು ಅತ್ತಿತ್ತ ಸರಿಯುತ್ತದೆ. ಎರಡೂ ಬಿಗಿಯಾದರೆ ಹಿಡಿ ತಿರುಗುವುದಿಲ್ಲ, ಎರಡೂ ಸಡಿಲಾದರೆ ಗೇರು ಜಿಗಿಯುತ್ತದೆ. ಇದನ್ನು ಅಪ್ಪ-ಮಗನ ಉಪಮೆ ಮಾಡಬಹುದಿತ್ತು. ಮಾಡುವುದಿಲ್ಲ.

ಪೆಟ್ರೋಲಿನ ಕಾಕು ಬಂದ್ ಮಾಡಿ, ಇಂಜಿನ್ ಮುಚ್ಚುವ ಬಾಜೂ ಡಬ್ಬಿ ತೆಗೆದು, ಸ್ಕೂಟರನ್ನು ಗೋಣಿಚೀಲದ ಮೇಲೆ ಮಲಗಿಸಿದೆವು. ಹೊಸ ತಂತಿಗೆ ಗ್ರೀಸ್ ಸವರಿ ಹ್ಯಾಂಡಲ್ಲಿನ ಕಡೆಯಿಂದ ಕೆಳಕ್ಕೆ ತೂರಿಸಿದೆವು. ಅದರ ತಲೆಯ ಗುಂಡು ಮೇಲೆ ಸಿಕ್ಕಿಕೊಳ್ಳಬೇಕು, ಬಾಲವನ್ನು ಕೆಳಗೆ ತೋಳಿನ ಸ್ಕ್ರೂನಲ್ಲಿ ಬಿಗಿಯಬೇಕು. ಒಬ್ಬರೇ ಮಾಡುವ ಕೆಲಸವಲ್ಲ. ಒಬ್ಬ ಹಿಡಿಯನ್ನು ನೂಟ್ರಲ್‌ನಲ್ಲಿ ಅಲುಗದಂತೆ ಹಿಡಿಯಬೇಕು, ಇನ್ನೊಬ್ಬ ಇಕ್ಕಳದಿಂದ ತಂತಿ ಎಳೆದು ಬಿಗಿಯಬೇಕು. ಹಿಡಿಯ ಮೇಲಿನ ಅಂಕಿಗಳು ಎಂದೋ ಸವೆದಿದ್ದವು. ನಾನು ಹಿಡಿಯನ್ನು ತುದಿಯ ತನಕ ತಿರುಗಿಸಿ ಗಟ್ಟಿಯಾಗಿ ಹಿಡಿದೆ. ಕೆಳಗಿನ ತೋಳನ್ನು ನೂಟ್ರಲ್‌ಗೆ ಸರಿಸಿಟ್ಟಿದ್ದ ಅಪ್ಪ ಅಲ್ಲಿಗೇ ಬಿಗಿದ.

“ಈಗ ನೂಟ್ರಲ್ ಬಿಟ್ಟು ಒಂದಕ್ಕ ತಿರುವ್ರಿ,” ಅಂದ.

ತಿರುಗಲು ಜಾಗವೇ ಉಳಿದಿರಲಿಲ್ಲ. ಅಪ್ಪ ತಲೆ ಎತ್ತಿ ನನ್ನ ಕೈ ನೋಡಿದ.

“ಲೇ ಮಂಗ್ಯಾ, ನೂಟ್ರಲ್ ತುದಿಗೆಲ್ಲೈತಿ? ಒಂದರ ಮತ್ತ ಎರಡರ ನಡಕ ಐತಲ್ಲೋ. ಏನ್ ಕಲಸತಿ ಆ ಹುಡುಗೂರಿಗಿ?”

‘ಲೇ’. ಒಂಬತ್ತು ವರ್ಷದ ನಂತರ, ಮಂಗ್ಯಾ ಸಮೇತ. ಬೈಸಿಕೊಂಡು ಇಷ್ಟು ಖುಷಿಯಾದದ್ದು ನನಗೆ ನೆನಪಿಲ್ಲ. ಅಪ್ಪನಿಗೂ ತಾನು ಅಂದದ್ದು ಕೇಳಿಸಿರಬೇಕು. ಮತ್ತೆ ಸ್ಕ್ರೂ ಸಡಿಲಿಸುತ್ತ ಮುಖ ಕೆಳಗೆ ಮಾಡಿದ. ಮುಖ ಕಾಣದಿದ್ದಾಗ ಕೇಳುವುದು ಸುಲಭ. ಕೇಳಿದೆ.

“ಅಪ್ಪಾ, ನನಗ ರಿ ಯಾಕ ಹಚ್ಚತೀರಿ?”

“ನೀ ಹಚ್ಚಿದಿ. ಅದಕ್ಕ ನಾನೂ ಹಚ್ಚಿದ್ನಿ.”

“ನಾ ಯಾವಾಗ?”

“ನೌಕರಿ ಸೇರಿದ ಹೊಸದಾಗ ನಿನ್ನ ಕಾಲೇಜಿಗಿ ಬಂದಿದ್ದೆ, ಇದರ ಮ್ಯಾಲ. ಅಲ್ಲೀತನಕ ‘ಅಪ್ಪಾ, ನೀ’ ಅಂತಿದ್ದಿ. ಅವತ್ತ ‘ಬರ್ರಿ, ಏನ್ ಬಂದ್ರಿ’ ಅಂದಿ.”

“ಮಂದಿ ಮುಂದ ಮರ್ಯಾದಿ ಕೊಟ್ನಿ.”

“ಕೊಟ್ಟಿ. ಬಾಜೂ ನಿಂತಂವ ಯಾರಿವರು ಅಂದ. ನೀ ‘ನಮ್ಮೂರಾರು’ ಅಂದಿ.”

ಪಕ್ಕದವನು ಹಾಗೆ ಕೇಳಿದ್ದು ನೆನಪಿದೆ. ಅಪ್ಪನ ಪ್ಯಾಂಟಿನ ಮೇಲೆ ಸಗಣಿ ಸಿಡಿದಿದ್ದದ್ದೂ ನೆನಪಿದೆ. ಉತ್ತರ ಮಾತ್ರ ನೆನಪಿಲ್ಲ. “‘ನಮ್ಮಪ್ಪಾರು’ ಅಂದಿರಬೇಕ್ರಿ. ಗಾಡಿ ಚಾಲೂ ಇತ್ತಲ್ಲ, ನಿಮಗ ಕೇಳಿಸಿದ್ದ ತಪ್ಪಿರಬೇಕು.”

“ಇರಬಹುದು,” ಅಂದ ಅಪ್ಪ. “ಒಂಬತ್ತ ವರ್ಷ ಅದನ್ನ ಕೇಳಿಸ್ಕೊಂಡೇನಿ. ಈಗ ಹಿಡಿ ಗಟ್ಟಿ ಹಿಡಿ, ನಡಕ.”

ನಡುವೆ ಹಿಡಿದೆ. ಅಪ್ಪ ಬಿಗಿದ. ಹಿಂದಿನ ಗಾಲಿ ಹಗುರವಾಗಿ ತಿರುಗಿತು. ಗಾಲಿಯನ್ನು ಅಲುಗಿಸುತ್ತ ಒಂದಕ್ಕೆ ಹಾಕಿದೆವು, ಕಚ್ಚಿಕೊಂಡಿತು. ಎರಡು, ಮೂರು, ನಾಲ್ಕು. ಹಳೆಯ ಪೆಟ್ರೋಲು ಚೆಲ್ಲಿ, ಎಣ್ಣೆ ಬೆರೆಸಿದ ಹೊಸದನ್ನು ಹಾಕಿ, ಗಾಡಿ ನಿಲ್ಲಿಸಿ, ತುಸು ವಾಲಿಸಿ, ಚೋಕ್ ಎಳೆದು ಅಪ್ಪ ಕಿಕ್ ಹೊಡೆದ. ನಾಲ್ಕನೆಯದಕ್ಕೆ ಓಣಿಯೆಲ್ಲ ಬಿಳಿ ಹೊಗೆ.

“ಹೋಗಿ ಗೇಟಿನ ಹತ್ರ ನಿಂದ್ರು,” ಅಂದ ಅಪ್ಪ ಆ ಸದ್ದನ್ನು ಮೀರಿಸಿ. “ಎರಡೂ ಅನ್ನು. ಅವತ್ತಿನಷ್ಟ ದನಿಯಾಗ.”

ಪ್ರಯೋಗಗಳೆಂದರೆ ನನಗೆ ಇಷ್ಟ. ನಿಂತೆ. ನಮ್ಮಪ್ಪಾರು, ಅಂದೆ. ನಮ್ಮೂರಾರು, ಅಂದೆ. ಅಪ್ಪ ಎಕ್ಸಿಲರೇಟರ್ ಹಿಡಿದುಕೊಂಡೇ, ಕೆಮ್ಮುವ ಕುರಿಯ ಎದೆಗೆ ಕಿವಿ ಕೊಟ್ಟವನಂತೆ ತಲೆ ಓರೆ ಮಾಡಿ ಕೇಳಿದ.

“ಇನ್ನೊಮ್ಮಿ.”

ಇನ್ನೊಮ್ಮೆ ಅಂದೆ. ಎದುರು ಮನೆಯ ಮುದುಕಿ ಹೊರಗೆ ಬಂದು ನೋಡಿದಳು.

“ಎರಡೂ ಒಂದ ಕೇಳತಾವ,” ಅಂದ ಅಪ್ಪ. ಎಕ್ಸಿಲರೇಟರ್ ಸಡಿಲಿಸಿ, “ಆವಾಗ ಸೈಲೆನ್ಸರ್ ಹೊಸಾದಿತ್ತು. ಇಷ್ಟ ಸಪ್ಪಳಾ ಮಾಡ್ತಿರಲಿಲ್ಲ.”

ನನ್ನನ್ನು ಹಿಂದೆ ಕೂರಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬಿಟ್ಟ. ಈಗ ಫೋನಿನಲ್ಲಿ ಒಮ್ಮೆ ‘ಬಾ’ ಎನ್ನುತ್ತಾನೆ, ಒಮ್ಮೆ ‘ಬರ್ರಿ’. ನಾನೂ ‘ನೀ’ ಎಂದು ಶುರುಮಾಡಿ ‘ರಿ’ಯಲ್ಲಿ ಮುಗಿಸುತ್ತೇನೆ. ಅಪ್ಪ ನಿಜವಾಗಿ ಏನು ಕೇಳಿಸಿಕೊಂಡನೋ ಅವನಿಗೇ ಖಾತ್ರಿಯಿಲ್ಲ. ಆ ದಿನ ಕಾಲೇಜಿನ ಮುಂದೆ ನಾನು ಯಾವ ಮಾತು ಆಡಿದೆನೆಂದು ನನಗೂ ಗೊತ್ತಿಲ್ಲ.