ಸುಂಕಲಮ್ಮ ಮೌಸ್ ಹಿಡಿದ ದಿನ

ಬಳ್ಳಾರಿಯ ನಮ್ಮ ಆಸ್ಪತ್ರೆಗೆ ಕೆಲಸಕ್ಕೆ ಸೇರಿದ ದಿನವೇ ಸುಂಕಲಮ್ಮನಿಗೆ ಹೆಸರು ಬದಲಿಸಿಕೋ ಎಂದು ಮ್ಯಾನೇಜರ್ ಚಿದಾನಂದಪ್ಪ ಬುದ್ಧಿ ಹೇಳಿದರು. ಕಂಪ್ಯೂಟರ್ ವಿಭಾಗದವಳು, ಬ್ಯಾಡ್ಜಿನ ಮೇಲೆ ‘ಸುಮಾ’ ಅಂತಿದ್ದರೆ ನೋಡಲು ಚೆಂದ ಎಂಬುದು ಅವರ ವಾದ. ನಮ್ಮಮ್ಮ ದೇವರಿಗೆ ಹರಕೆ ಹೊತ್ತು ಇಟ್ಟ ಹೆಸರು, ಬ್ಯಾಡ್ಜು ಸಣ್ಣದಾದರೆ ದೊಡ್ಡದು ಮಾಡಿಸಿ ಎಂದಳು ಅವಳು. ಮಾಡಿಸಿದರು. ಕೂಲಿಯವರ ಮಗಳಿಗೆ ಇಷ್ಟು ಬಾಯಿ ಎಲ್ಲಿಂದ ಬಂತು ಎಂದು ಒಬ್ಬಿಬ್ಬರು ಹಿಂದಿನಿಂದ ಗೊಣಗಿದರು. ಮುಂದೆ ಬಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಕುರುಗೋಡಿನಿಂದ ದಿನಾ ಬಸ್ಸಿಗೆ ಬರುತ್ತಾಳೆ. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡಿದ್ದು ಬಿಟ್ಟರೆ ಉಳಿದದ್ದೆಲ್ಲ ಹಟದಿಂದ ಕಲಿತದ್ದು. ನಾನು ಅಂಜನಾ, ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ನಮ್ಮಿಬ್ಬರ ಬುತ್ತಿ ಒಂದೇ ಮೇಜಿನ ಮೇಲೆ ಬಿಚ್ಚಿಕೊಳ್ಳುತ್ತದೆ. ಅವಳ ತಂಟೆಗೆ ಹೋದವರ ಮೇಲೆ ನನಗೂ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡುವವಳಲ್ಲ ನಾನು.

ಆ ದಿನ ಬೆಳಿಗ್ಗೆ ವಾರ್ಡಿನಲ್ಲಿ ಆರು ಜನರ ರಕ್ತವನ್ನು ಕಲ್ಚರ್ ಬಾಟಲಿಗೆ ತೆಗೆದಿದ್ದೆ. ರಕ್ತದಲ್ಲಿ ಯಾವ ರೋಗಾಣು ಬೆಳೆಯುತ್ತದೆಂದು ನೋಡುವ ಪರೀಕ್ಷೆ ಅದು. ಆ ಆರು ಜನರಲ್ಲಿ ಒಬ್ಬಳು ದೇಶನೂರಿನ ಗಾದೆಮ್ಮ. ನಾಟಿಯ ಕೆಸರಿನಲ್ಲಿ ನಿಂತು ಸವೆದ ಕಾಲು, ವಾರಗಟ್ಟಲೆ ಇಳಿಯದ ಜ್ವರ. ರಕ್ತ ಕೊಟ್ಟ ಕೂಡಲೇ ಡಾಕ್ಟರು ಔಷಧಿ ಶುರು ಮಾಡಿದ್ದರು. ಔಷಧಿ ಮೈಗೆ ಹತ್ತಿದ ಮೇಲೆ ತೆಗೆದ ರಕ್ತ ನಂಬಿಕೆಗೆ ಬರುವುದಿಲ್ಲ, ಹಾಗಾಗಿ ಆ ಬಾಟಲಿಯೇ ಅವಳ ಗತಿ. ಬಾಟಲಿಯ ಮೇಲಿದ್ದದ್ದು ಬಾರ್‌ಕೋಡಿನ ಗೀಟು ಮತ್ತು ನಂಬರ್ ಮಾತ್ರ. ಹೆಸರು ಕೈಯಲ್ಲಿ ಬರೆಯುತ್ತ ಕೂತರೆ ತಡವಾಗುತ್ತದೆ, ಕಂಪ್ಯೂಟರಿನಲ್ಲಿ ಇರುತ್ತದಲ್ಲ ಎಂದು ಚಿದಾನಂದಪ್ಪನವರೇ ಆ ಪದ್ಧತಿ ನಿಲ್ಲಿಸಿದ್ದರು.

ಬಾಟಲಿಗಳನ್ನು ರೋಗಾಣು ಬೆಳೆಸುವ ಯಂತ್ರಕ್ಕೆ ಇಟ್ಟು ಬರುವಷ್ಟರಲ್ಲಿ ಸರ್ವರ್ ಬಿದ್ದಿತ್ತು. ಪರದೆಗಳೆಲ್ಲ ಖಾಲಿ. ಯಾವ ನಂಬರ್ ಯಾರದೆಂದು ಹೇಳಬೇಕಿದ್ದ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಏಳಲೇ ಇಲ್ಲ.

ರಜೆ ಮುಗಿಸಿ ಅಂದೇ ಕೆಲಸಕ್ಕೆ ಬಂದ ಸುಂಕಲಮ್ಮ ಬಸ್ಸಿಳಿದು ನೇರ ಸರ್ವರ್ ಕೋಣೆಗೆ ನಡೆದಳು, ನಾನೂ ಹಿಂದೆಯೇ ಹೋದೆ. ಅಷ್ಟರಲ್ಲಿ ಚಿದಾನಂದಪ್ಪ ಕುರ್ಚಿ ಎಳೆದುಕೊಂಡು ಕೂತು, ತಂತ್ರಾಂಶ ಕೊಟ್ಟ ಕಂಪನಿಯ ಎಂಜಿನಿಯರ್‌ನನ್ನು ಫೋನಿನಲ್ಲಿ ಹಿಡಿದಿದ್ದರು. ಶುರು ಮಾಡಲು ಹೋದಾಗಲೆಲ್ಲ ಒಂದೇ ತಕರಾರು: ಸರಿಯಾದ ಚೆಕ್‌ಪಾಯಿಂಟ್ ದಾಖಲೆ, ಅಂದರೆ ಎಲ್ಲಿಂದ ಮುಂದುವರಿಯಬೇಕೆಂಬ ಗುರುತು, ಸಿಗುತ್ತಿಲ್ಲ. ಎಂಜಿನಿಯರ್ ಸ್ಪೀಕರಿನಲ್ಲೇ ಪರಿಹಾರ ಹೇಳಿದ. ಪಿಜಿ ರೀಸೆಟ್‌ವಾಲ್ ಎಂಬ ಕಮಾಂಡ್ ಹೊಡೆಯಿರಿ, ಹಳೇ ಲಾಗ್ ಮರೆತು ಹೊಸದಾಗಿ ಏಳುತ್ತದೆ, ಹೆಚ್ಚೆಂದರೆ ಬೆಳಗಿನದು ಒಂದಿಷ್ಟು ಹೋಗಬಹುದು.

“ನಾ ಹೊಡೆಯಂಗಿಲ್ರಿ,” ಎಂದಳು ಸುಂಕಲಮ್ಮ.

ಚಿದಾನಂದಪ್ಪನವರ ಮುಖ ಕೆಂಪಾಯಿತು. ಹೊರಗೆ ಜನ ರಿಪೋರ್ಟಿಗೆ ಕಾಯುತ್ತಿದ್ದಾರೆ, ಕಂಪನಿಯವರೇ ಹೇಳುತ್ತಿದ್ದಾರೆ, ನೀನೇನು ಅವರಿಗಿಂತ ಮೇಲಾ ಎಂದು ಕೇಳಿದರು. ಇವಳು ದನಿ ಏರಿಸದೆ ಬಿಡಿಸಿ ಹೇಳಿದಳು. ಡೇಟಾಬೇಸು ಯಾವುದೇ ಬದಲಾವಣೆಯನ್ನು ಮೊದಲು ಲಾಗ್‌ನಲ್ಲಿ ಬರೆದು, ಆಮೇಲೆ ಪುರುಸೊತ್ತಾದಾಗ ಅದರ ಸ್ವಂತ ಜಾಗಕ್ಕೆ ಸೇರಿಸುತ್ತದೆ. ನಡುವೆ ಬಿದ್ದರೆ, ಏಳುವಾಗ ಆ ಲಾಗ್ ಓದಿಕೊಂಡೇ ಬಾಕಿ ಕೆಲಸ ಮುಗಿಸುತ್ತದೆ. ಲಾಗ್ ಎಸೆದು ಎಬ್ಬಿಸಿದರೆ ಏಳುತ್ತದೆ ನಿಜ, ಆದರೆ ಅರ್ಧ ಬರೆದದ್ದು ಅರ್ಧವೇ ಉಳಿಯುತ್ತದೆ, ಎಲ್ಲಿ ಎಂದು ಯಾರಿಗೂ ತಿಳಿಯುವುದಿಲ್ಲ. ನಂಬರ್ ಕೊಡುವ ಲೆಕ್ಕವೂ ಹಿಂದಕ್ಕೆ ಸರಿಯಬಹುದು.

“ಇವತ್ತು ಗಾದೆಮ್ಮಗ ಕೊಟ್ಟ ನಂಬರ್ ನಾಳಿ ಇನ್ನೊಬ್ಬರಿಗೆ ಹೋಗ್ತೈತ್ರಿ ಸರ್. ಒಬ್ಬರ ರಕ್ತ ಇನ್ನೊಬ್ಬರ ಹೆಸರಿಗೆ ಬಿದ್ರ ಯಾರು ಸಹಿ ಮಾಡೋರು? ನೀವಾ?”

ಫೋನಿನಾಚೆಯವನು ಗಂಟಲು ಸರಿಮಾಡಿಕೊಂಡು, ಅದು ಕೊನೆಯ ಉಪಾಯ ಅಂತಲೇ ಹೇಳಿದ್ದು ಎಂದ. ಹಾಗೇನೂ ಅವನು ಹೇಳಿರಲಿಲ್ಲ, ಕೇಳಿದ ಆರು ಕಿವಿ ಅಲ್ಲೇ ಇದ್ದವು.

ಹಾಗಾದರೆ ಆ ಲಾಗ್ ಎಲ್ಲಿ ಹೋಯಿತು? ಬ್ಯಾಕಪ್ ಡಿಸ್ಕಿನ ವೈರ್ ಬರಿದೇ ನೇತಾಡುತ್ತಿದ್ದುದನ್ನು ಸುಂಕಲಮ್ಮ ಮೊದಲೇ ಕಂಡಿದ್ದಳು. ಕೇಳಿದಾಗ ಚಿದಾನಂದಪ್ಪ ಗೋಡೆ ನೋಡಿದರು. ಮಗಳ ಮದುವೆಯ ವಿಡಿಯೋ ತುಂಬಿಕೊಳ್ಳಲು ಅದನ್ನು ಮನೆಗೆ ಒಯ್ದಿದ್ದರಂತೆ, ಸುಂಕಲಮ್ಮ ರಜೆಯಲ್ಲಿದ್ದಾಗ. ಲಾಗ್‌ಗಳು ನಕಲಾಗಿ ಆ ಡಿಸ್ಕಿಗೆ ಹೋದ ಮೇಲಷ್ಟೇ ಇಲ್ಲಿಂದ ಖಾಲಿಯಾಗುವ ಏರ್ಪಾಡು. ಡಿಸ್ಕೇ ಇಲ್ಲ, ಹೋಗುವುದೆಲ್ಲಿಗೆ? ಇಲ್ಲೇ ರಾಶಿ ಬಿದ್ದು, ಜಾಗ ಮುಗಿದು ಡೇಟಾಬೇಸ್ ಬಿತ್ತು. ಅದೇ ಡಿಸ್ಕಿಗೆ ಹೋಗಬೇಕಿದ್ದ ರಾತ್ರಿಯ ಬ್ಯಾಕಪ್ಪುಗಳೂ ಆಗಿರಲಿಲ್ಲ.

ತಪ್ಪು ಅಲ್ಲಿಗೇ ನಿಂತಿದ್ದರೂ ಸರಿಹೋಗುತ್ತಿತ್ತು. “ಲಾಗ್ ಅಂದ್ರ ಹಳೇ ರದ್ದಿ ಅಲ್ಲೇನು? ಎಲ್ಲಾ ಡಿಲೀಟ್ ಹೊಡದೀನಿ,” ಎಂದರು ಚಿದಾನಂದಪ್ಪ. “ಆದ್ರೂ ಜಾಗ ಬಿಟ್ಟಿಲ್ಲ. ಇನ್ನಾ ರೀಸೈಕಲ್ ಬಿನ್‌ನಾಗ ಕುಂತಾವ. ತಡಿ, ಅದನ್ನೂ ಖಾಲಿ ಮಾಡ್ತೀನಿ.”

ಮೌಸಿನ ಬಾಣ ಆಗಲೇ ಖಾಲಿ ಮಾಡುವ ಗುಂಡಿಯ ಹತ್ತಿರವಿತ್ತು, ಒತ್ತಿದರೆ ಲಾಗ್ ಮತ್ತೆ ಸಿಗದು. ಸುಂಕಲಮ್ಮ ಅವರ ಕೈಯ ಮೇಲೆಯೇ ಕೈಯಿಟ್ಟು ಮೌಸ್ ಅಲುಗದಂತೆ ಹಿಡಿದಳು. ಆ ಕೋಣೆಯಲ್ಲಿ ಅಂಥದ್ದು ಹಿಂದೆ ನಡೆದಿರಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು.

“ಕೈ ತಗೀರಿ ಸರ್.”

“ನಿನ್ನ ಕೆಲಸದಿಂದ ತಗಸ್ತೀನಿ ನೋಡು.”

“ತಗಸ್ರಿ. ಅಲ್ಲಿ ಮಟ ಈ ಕುರ್ಚಿ ನಂದು. ಏಳ್ರಿ.”

ಅವರು ಎದ್ದರು. ಮನೆಗೆ ಹೋಗಿ ಆ ಡಿಸ್ಕನ್ನೂ ತಂದರು, ತಾವೇ.

ಮದುವೆಯ ವಿಡಿಯೋ ತುಂಬಿದ ಮೇಲೂ ಅದರಲ್ಲಿ ಜಾಗವಿತ್ತು. ಸುಂಕಲಮ್ಮ ಅವಸರ ಮಾಡಲಿಲ್ಲ. ಡೇಟಾಬೇಸ್ ನಿಂತೇ ಇದೆಯೆಂದು ಖಾತ್ರಿ ಮಾಡಿಕೊಂಡು, ಬಿನ್‌ನಲ್ಲಿದ್ದ ಫೈಲುಗಳನ್ನು ಹಳೆಯ ಜಾಗಕ್ಕೇ ಮರಳಿಸಿದಳು. ಆಮೇಲೆ ಡೇಟಾ ಫೋಲ್ಡರ್ ಪೂರ್ತಿ ಹೊರಗಿನ ಡಿಸ್ಕಿಗೆ ನಕಲು ಮಾಡಿದಳು. ಇನ್ನು ನನ್ನ ಕೈಯಿಂದ ಏನೇ ಕೆಟ್ಟರೂ ಇಲ್ಲಿಗೆ ವಾಪಸ್ ಬರಬಹುದು ಎಂದಳು. ಸರ್ವರ್‌ನಲ್ಲೇ ತುಂಬಿದ್ದ ಕಾವಲು ಕ್ಯಾಮೆರಾದ ಹಳೆಯ ದೃಶ್ಯಗಳನ್ನು ಬೇರೆ ಕಂಪ್ಯೂಟರಿಗೆ ಸಾಗಿಸಿ ಜಾಗ ಬಿಡಿಸಿದಳು. ಲಾಗ್ ಫೋಲ್ಡರಿನ ಒಂದು ಫೈಲನ್ನೂ ಅಳಿಸಲಿಲ್ಲ. ನಕಲು ಮುಗಿಯುವ ತನಕ ಚಿದಾನಂದಪ್ಪ ಬಾಗಿಲಲ್ಲಿ ನಿಂತು, ತಡವಾದದ್ದಕ್ಕೆಲ್ಲ ನೀನೇ ಹೊಣೆ ಎಂದು ಹೇಳುತ್ತಲೇ ಇದ್ದರು. ಹೌದು ನಾನೇ ಎಂದಳು ಅವಳು, ತಿರುಗಿ ನೋಡದೆ.

ಹೊರಗೆ ಕಾಯುತ್ತಿದ್ದ ಗಾದೆಮ್ಮನ ಸೊಸೆ ಹೊನ್ನೂರಮ್ಮ ನನ್ನ ಸೆರಗು ಹಿಡಿದು, ಅತ್ತೆಯ ರಕ್ತ ಏನಾಯಿತು ತಾಯಿ ಎಂದು ಕೇಳಿದಳು. ಐತಿ, ಹುಡುಕಾಕತ್ತೀವಿ ಎಂದೆ. ಸುಳ್ಳು ಹೇಳಿದಂತಾಗಬಾರದೆಂದು ದೇವರನ್ನು ನೆನೆದುಕೊಂಡೆ.

ಸುಂಕಲಮ್ಮ ಡೇಟಾಬೇಸ್ ಶುರು ಮಾಡಿದಳು. ಸಂದೇಶಗಳು ಒಂದೊಂದಾಗಿ ಬಂದವು. ಸರಿಯಾಗಿ ಮುಚ್ಚಿರಲಿಲ್ಲ, ತಾನೇ ಸುಧಾರಿಸಿಕೊಳ್ಳುತ್ತಿದೆ ಎಂದಿತು. ಲಾಗ್ ಓದಲು ಶುರು ಎಂದಿತು. ಓದಿ ಮುಗಿಯಿತು ಎಂದಿತು. ಕೊನೆಗೆ, ಸಂಪರ್ಕಕ್ಕೆ ಸಿದ್ಧ.

ಅವಳು ನಂಬರ್ ಕೇಳಿದಳು. ನಾನು ಯಂತ್ರದ ಹತ್ತಿರ ಓಡಿ ಬಾಟಲಿಯಿಂದ ಬಾಟಲಿಗೆ ಓದಿ ಹೇಳಿದೆ. ನಾಲ್ಕನೆಯದಕ್ಕೆ ಅವಳು ಕೋಣೆಯಿಂದಲೇ ಕೂಗಿದಳು: ಗಾದೆಮ್ಮ, ದೇಶನೂರು. ಆರಕ್ಕೆ ಆರೂ ಸಿಕ್ಕವು. ಆ ಡಿಸ್ಕನ್ನು ಮತ್ತೆ ಅದರ ಜಾಗಕ್ಕೆ ಸಿಕ್ಕಿಸಿದ ಮೇಲೆ ರಾಶಿ ಬಿದ್ದ ಲಾಗ್‌ಗಳು ಒಂದೊಂದೇ ಅಲ್ಲಿಗೆ ಹೋಗಿ ಇಲ್ಲಿಯ ಫೋಲ್ಡರ್ ತಾನಾಗಿಯೇ ಇಳಿಯಿತು.

ಸಂಜೆ ಚಿದಾನಂದಪ್ಪ ಮೆತ್ತಗೆ ಬಂದು, ಮಾಲೀಕರಿಗೆ ವರದಿ ಕೊಡಬೇಕು, ಕರೆಂಟಿನ ಏರುಪೇರು ಎಂದು ಬರೆದರೆ ಎಲ್ಲರಿಗೂ ಒಳ್ಳೆಯದು ಎಂದರು. ಬೆಳಗಿನ ಮಾತು ಮರೆತುಬಿಡು ಎಂದೂ ಸೇರಿಸಿದರು. ಸುಂಕಲಮ್ಮ ಡಿಸ್ಕ್ ಯಾರು ಒಯ್ದರು, ಲಾಗ್ ಯಾರು ಅಳಿಸಿದರು ಎಂದು ಇದ್ದದ್ದು ಇದ್ದ ಹಾಗೆ ಬರೆದು, ಕೆಳಗೆ ತನ್ನ ಪೂರ್ತಿ ಹೆಸರು ಹಾಕಿದಳು. ಕೆಲಸ ಹೋದರೆ ಎಂದೆ ನಾನು. ಹೋದರೆ ಹೋಗಲಿ, ಕುರುಗೋಡಿನ ಬಸ್ಸೇನು ನಿಲ್ಲುತ್ತದಾ ಎಂದಳು.

ಕೆಲಸ ಹೋಗಲಿಲ್ಲ. ಮೂರನೆಯ ದಿನ ಗಾದೆಮ್ಮನ ಬಾಟಲಿಯಲ್ಲಿ ರೋಗಾಣು ಬೆಳೆದದ್ದು ಕಂಡಿತು. ಡಾಕ್ಟರು ಔಷಧಿ ಬದಲಿಸಿದರು, ಜ್ವರ ಇಳಿಯಿತು.

ಹೊರಡುವ ದಿನ ಗಾದೆಮ್ಮ ಲ್ಯಾಬಿಗೆ ಬಂದು, ನನ್ನ ಹೆಸರು ಕಳೆದಿತ್ತಂತಲ್ಲ, ಹುಡುಕಿದವಳು ಯಾರು ಎಂದು ಕೇಳಿದಳು. ಸುಂಕಲಮ್ಮ ಬಾಟಲಿಗಳ ಪಕ್ಕ ಮಾರ್ಕರ್ ಪೆನ್ನೊಂದನ್ನು ದಾರದಿಂದ ಕಟ್ಟುತ್ತಿದ್ದಳು. ಅಟ್ಟ ಮೇಲೆ ಒಲೆ ಉರಿಯಿತೆಂದು ಯಾರಾದರೂ ಆಡಿಕೊಂಡರೂ ಸರಿ, ಇನ್ನು ಮುಂದೆ ಹೆಸರು ಕೈಯಲ್ಲೂ ಬರೆಯಬೇಕೆಂದು ಅವಳದೇ ಹುಕುಂ. ನಾನು ಅವಳ ಕಡೆ ಬೆರಳು ಮಾಡಿದೆ. ಮುದುಕಿ ಹತ್ತಿರ ಹೋಗಿ ಬ್ಯಾಡ್ಜ್ ಮುಟ್ಟಿ, ಇದರಲ್ಲಿ ಏನೆಂದು ಬರೆದಿದೆ ಎಂದಳು.

“ಸುಂಕಲಮ್ಮ ಅಂತ ಐತವ್ವಾ,” ಎಂದಳು ಅವಳು. “ಪೂರ್ತಿ.”