ಗೊಲ್ಲಾಳಮ್ಮನ ಅರ್ಜೆಂಟ್ ರೊಟ್ಟಿ

ಶಹಾಪುರದ ನಮ್ಮ ಓಣಿಯಲ್ಲಿ ಗೊಲ್ಲಾಳಮ್ಮನ ರೊಟ್ಟಿ ಮನೆಯ ಮುಂದೆ ಹಾದುಹೋದರೆ, ಉಂಡು ಬಂದವರಿಗೂ ಆ ತಟ್ಟುವ ಸಪ್ಪಳಕ್ಕೇ ಹಸಿವಾಗುತ್ತದೆ. ಖಡಕ್ ರೊಟ್ಟಿ ಒಲೆಯ ಮಗ್ಗುಲಲ್ಲಿ ನಿಧಾನವಾಗಿ ಒಣಗಬೇಕು. ಅದಕ್ಕೇ ದೊಡ್ಡ ಆರ್ಡರನ್ನು ಮೂರು ದಿನ ಮೊದಲು ಹೇಳಬೇಕೆಂಬುದು ಆಕೆಯ ಕರಾರು. ನಾಳೆಯೇ ಬೇಕೆಂದರೆ ರೊಟ್ಟಿಗೆ ಎರಡು ರೂಪಾಯಿ ಹೆಚ್ಚು. ಅದು ಆಕೆಯ ಗಂಟಿಗೆ ಸೇರುವುದಿಲ್ಲ. ಹೊಲದ ಕೂಲಿ ಬಿಟ್ಟು ಬಂದು ರೊಟ್ಟಿಗೆ ಕೂಡುವ ಹೆಂಗಸರಿಗೆ ಹೋಗುತ್ತದೆ. ಸಾವಾದ ಮನೆಗೆ ಮಾತ್ರ ಆ ಹೆಚ್ಚಿನ ದುಡ್ಡಿಲ್ಲ. ಸಾವೇನು ಮೂರು ದಿನ ಮೊದಲು ಹೇಳಿ ಬರುತ್ತದೆಯೇ? ಅಂದು ಆ ಹೆಂಗಸರೂ ಕೇಳುವುದಿಲ್ಲ.

ಖಾನಾವಳಿ ಚೇತನಕುಮಾರ ದಿನಾ ಆಕೆಯ ಹತ್ತಿರವೇ ರೊಟ್ಟಿ ಒಯ್ಯುವವನು. ಆಕೆಯ ಅರ್ಧ ವ್ಯಾಪಾರ ಅವನಿಂದಲೇ. ಸುರಪುರದಲ್ಲಿ ಹೊಸ ಖಾನಾವಳಿ ತೆರೆಯಲು ಊರಿಗೆಲ್ಲ ಆಮಂತ್ರಣ ಕೊಟ್ಟಿದ್ದ ಮಹರಾಯ, ರೊಟ್ಟಿ ಹೇಳುವುದನ್ನೇ ಮರೆತಿದ್ದ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ, ಹಿಂದಿನ ದಿನ ಬೆಳಿಗ್ಗೆ ಓಡಿಬಂದು ಸಾವಿರ ರೊಟ್ಟಿ ಕೇಳಿದ. ಹೆಚ್ಚಿನ ದುಡ್ಡೆಂದ ಕೂಡಲೇ ಚೌಕಾಸಿಗೆ ಇಳಿದ. ಹೋದ ವಾರ ಅಯ್ಯಪ್ಪನ ಮನೆಗೆ ಅದೇ ದಿನ ಕೊಟ್ಟರೂ ಹೆಚ್ಚಿಗೆ ತಗೊಂಡಿಲ್ಲವಲ್ಲ ಎಂದ. ಅದು ಸಾವಿನ ಮನೆ ಎಂದಳು ಗೊಲ್ಲಾಳಮ್ಮ.

ಚೇತನಕುಮಾರ ನಕ್ಕುಬಿಟ್ಟ. “ಹಂಗಾರ ನಮ್ದೂ ಸತ್ತೋರ ಮನಿ ಅಂತ ತಿಳ್ಕೊಂಡು ಮಾಡಿಕೊಡ್ರಿ ಅಕ್ಕಾರ.”

ಒಳಗೆ ರೊಟ್ಟಿ ತಟ್ಟುವ ಸಪ್ಪಳ ನಿಂತಿತು. ನಾನಾಗಿದ್ದರೆ ಹಿಟ್ಟಿನ ಕೈಯಲ್ಲೇ ಅವನಿಗೆ ದಾರಿ ತೋರಿಸುತ್ತಿದ್ದೆ. ಗೊಲ್ಲಾಳಮ್ಮ ಆಗಲಿ ಎಂದಳು. ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದ ನಾನು, ಅವನು ಹೋದ ಮೇಲೆ ರೇಗಿದೆ. ದಿನದ ಗಿರಾಕಿ ಮುನಿಸಿಕೊಂಡು ಬೇರೆ ಕಡೆ ಹೋದರೆ ಈ ಹೆಂಗಸರ ಒಲೆ ಯಾರು ಹೊತ್ತಿಸುತ್ತಾರೆ ಎಂದು ಆಕೆ ಕೇಳಿದಳು. ಹೆಚ್ಚಿನ ಕೂಲಿಯನ್ನು ತಾನೇ ಕೈಯಿಂದ ಕೊಡುವುದೆಂದು ನಿಶ್ಚಯಿಸಿ, ಮತ್ತಷ್ಟು ಹೆಂಗಸರನ್ನು ಕರೆಸಿದಳು.

ಆ ಜಾಣ ಮನೆಗೆ ಹೋಗಿ, ಹೆಚ್ಚಿನ ದುಡ್ಡು ಹೇಗೆ ಬಿಡಿಸಿಕೊಂಡೆನೆಂದು ತಾಯಿಯ ಮುಂದೆ ಕೊಚ್ಚಿಕೊಂಡಿದ್ದಾನೆ. ಮಧ್ಯಾಹ್ನ ಓಣಿಯಲ್ಲಿ ಆಟೋ ನಿಂತಿತು. ಅವನ ತಾಯಿ ನಾಗರತ್ನಾ ಮೊಣಕಾಲು ಹಿಡಿದುಕೊಂಡು ಇಳಿದಳು. ಕೂಡಿರಿ ಎಂದರೂ ಕೂಡಲಿಲ್ಲ, ನೀರು ಕೊಟ್ಟರೂ ಮುಟ್ಟಲಿಲ್ಲ. ಸೆರಗಿನ ಗಂಟು ಬಿಚ್ಚಿ ದುಡ್ಡು ತೆಗೆದಳು. ಮಗ ಆಗಲೇ ಮಾತಾಡಿ ಮುಗಿಸಿದ್ದಾನೆ, ಇರಲಿ ಬಿಡಿ ಎಂದು ಗೊಲ್ಲಾಳಮ್ಮ ಸಂಕೋಚದಿಂದ ಹಿಂದೆ ಸರಿದಳು.

“ನನ್ನ ಮಗ ಜೀವಂತ ಅದಾನವ್ವ,” ಎಂದಳು ನಾಗರತ್ನಾ. “ಹೆಚ್ಚಿಂದೂ ಸೇರ್ಸಿ ಪೂರಾ ತಗೋ.”

ಗೊಲ್ಲಾಳಮ್ಮ ಮತ್ತೆ ಬೇಡವೆನ್ನಲಿಲ್ಲ. ದುಡ್ಡನ್ನು ಕಣ್ಣಿಗೊತ್ತಿಕೊಂಡು, ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕರೆದು, ಹೆಚ್ಚಿನದನ್ನು ನಾಗರತ್ನಾಳ ಕಣ್ಣೆದುರೇ ಹಂಚಿದಳು. ಕೊನೆಯವಳೂ ತಗೊಂಡ ಮೇಲೆ ಆ ತಾಯಿ ಕೂತು ನೀರು ಕುಡಿದಳು.